30 ಮೀಟರ್ ಅಂತ ಬರೆದಿದ್ದ ವಾಚ್: ಮೂರು ವರ್ಷದ ಬಳಕೆಯ ನಂತರ

ಆನ್‌ಲೈನ್‌ನಲ್ಲಿ ಕೊಂಡಾಗ ವಿವರ ಹೀಗಿತ್ತು: ಕೇಸ್ 42 ಮಿ.ಮೀ., ಆಟೊಮ್ಯಾಟಿಕ್, ಲೆದರ್ ಸ್ಟ್ರಾಪ್, ವಾಟರ್ ರೆಸಿಸ್ಟೆಂಟ್ 30 ಮೀಟರ್. ನಾಲ್ಕೂ ನಿಜ. ಆದರೆ ಕೊನೆಯದನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ.

ಎರಡನೇ ವರ್ಷ ಶ್ರೀರಂಗಪಟ್ಟಣದ ಸಂಗಮದಲ್ಲಿ ವಾಚ್ ಕಟ್ಟಿಕೊಂಡೇ ಮುಳುಗು ಹಾಕಿದೆ. ಸೊಂಟದಷ್ಟು ನೀರು, 30 ಮೀಟರ್ ಎಲ್ಲಿ ಬಂತು ಅಂತ ಧೈರ್ಯ. ಮನೆಗೆ ಬಂದು ಬಿಸಿನೀರಿನ ಸ್ನಾನಕ್ಕೂ ಬಿಚ್ಚಲಿಲ್ಲ. ಮರುದಿನ ಬೆಳಗ್ಗೆ ಗಾಜಿನ ಒಳಗೆ, ಆರರ ಅಂಕಿಯ ಮೇಲೆ, ಮಂಜು ಕಟ್ಟಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ.

ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ಒಳಗಿದ್ದ ರಬ್ಬರ್ ರಿಂಗ್ ತೋರಿಸಿದರು. ದುಂಡಗಿರಬೇಕಾದದ್ದು ಚಪ್ಪಟೆಯಾಗಿ ಗಟ್ಟಿಯಾಗಿತ್ತು. ಕೀ ಒಳಗೆ ಹೋಗುವ ಕಡ್ಡಿಗೆ ಆಗಲೇ ಸಣ್ಣಗೆ ತುಕ್ಕು ಹಿಡಿದಿತ್ತು. ಇನ್ನೊಂದು ವಾರ ಹಾಗೇ ಬಿಟ್ಟಿದ್ದರೆ ಮಷಿನ್ನೇ ಹೋಗುತ್ತಿತ್ತು ಅಂದರು.

30 ಮೀಟರ್ ಅನ್ನೋದು ಧುಮುಕುವ ಆಳ ಅಲ್ಲ. ಹೊಸ ವಾಚು ಅಲುಗಾಡದ ನೀರಿನಲ್ಲಿ ಸ್ವಲ್ಪ ಹೊತ್ತು ಅಷ್ಟು ಒತ್ತಡ ತಡೆಯುತ್ತದೆ, ಅಷ್ಟೇ. ಬಿಸಿನೀರು, ಸೋಪು, ಹಳತಾದ ರಬ್ಬರ್ ಇವು ಯಾವುವೂ ಆ ಲೆಕ್ಕದಲ್ಲಿ ಇಲ್ಲ. ಕೈ ತೊಳೆಯುವಾಗ ಸಿಡಿಯುವ ನೀರಿಗೆ, ತುಂತುರು ಮಳೆಗೆ 30 ಸಾಕು. ಈಜುವುದಾದರೆ 100 ಇರುವುದನ್ನೇ ತಗೊಳ್ಳಿ. 50ರಲ್ಲೂ ಈಜಬಹುದು ಅಂತಾರೆ, ನಾನಂತೂ ಆ ಧೈರ್ಯ ಮಾಡಲ್ಲ. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವವರಿಗೆ ಬೇರೆಯೇ ಪರೀಕ್ಷೆ ಇದೆ, ಐಎಸ್ಒ 6425 ಅಂತ. ಎಷ್ಟೇ ಮೀಟರ್ ಇದ್ದರೂ ಕೀ ಹೊರಗೆ ಎಳೆದಿದ್ದರೆ ನೀರು ಒಳಗೆ ಹೋಗಬಹುದು.

ರಿಂಗ್ ಹಾಕಿಸಿದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕೈಮೇಲೆ ವಾಚ್ ಚೆನ್ನಾಗಿ ಬೆಚ್ಚಗಾದಾಗ ಗಾಜಿನ ಮೇಲೆ ಒಂದು ಹನಿ ತಣ್ಣೀರು ಇಟ್ಟು, ಒಂದು ನಿಮಿಷ ಬಿಟ್ಟು ಒರೆಸುತ್ತೇನೆ. ಹನಿ ಇದ್ದ ಜಾಗದಲ್ಲಿ ಒಳಗಡೆ ಮಬ್ಬು ಕಂಡರೆ ತೇವ ಸೇರಿದೆ ಅಂತ ಅರ್ಥ. ಇಲ್ಲಿಯವರೆಗೆ ಮತ್ತೆ ಕಂಡಿಲ್ಲ.

ಉಳಿದದ್ದರಲ್ಲಿ 42 ಮಿ.ಮೀ. ನನ್ನ ಸಣ್ಣ ಕೈಗೆ ಜಾಸ್ತಿಯಾಯಿತು. ಡಯಾಮೀಟರ್ ಒಂದನ್ನೇ ನೋಡಿ ಕೊಂಡಿದ್ದೆ. ಸ್ಟ್ರಾಪ್ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ತುದಿಗೆ 51 ಮಿ.ಮೀ. ಇದೆ, ಮಣಿಕಟ್ಟಿನ ಅಂಚಿಗೇ ಬರುತ್ತದೆ. ಆ ಅಳತೆ ವಿವರದಲ್ಲಿ ಇರಲೇ ಇಲ್ಲ, ಮೊದಲೇ ಕೇಳಿ ತಿಳಿದುಕೊಳ್ಳಿ. ಮಷಿನ್ ಬಗ್ಗೆ ದೂರಿಲ್ಲ. ದಿನಕ್ಕೆ ಹತ್ತು ಸೆಕೆಂಡ್ ಮುಂದೆ ಓಡುತ್ತದೆ, ಆಟೊಮ್ಯಾಟಿಕ್‌ಗೆ ಅದು ಸಹಜ. ಕೈ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವುದರಿಂದ ಶನಿವಾರ, ಭಾನುವಾರ ಕಟ್ಟದಿದ್ದರೆ ಸೋಮವಾರ ನಿಂತಿರುತ್ತದೆ. ಅದು ಬೇಡ ಅನ್ನುವವರಿಗೆ ಸೆಲ್ ಹಾಕುವ ಕ್ವಾರ್ಟ್ಜ್ ವಾಸಿ. ಲೆದರ್ ಸ್ಟ್ರಾಪ್ ಬೆವರಿಗೆ ಒಂದೇ ಬೇಸಿಗೆಯಲ್ಲಿ ವಾಸನೆ ಹಿಡಿಯಿತು. ಈಗ 20 ಮಿ.ಮೀ. ಅಗಲದ ನೈಲಾನ್ ಹಾಕಿದ್ದೇನೆ. ವಾರಕ್ಕೊಮ್ಮೆ ಬಿಚ್ಚಿ ಒಗೆದು ಒಣಗಿಸಿದರೆ ಆಯಿತು.