ಬಿಲ್ಲಿಂಗ್‌ನಿಂದ ಸ್ಟಾಕ್ ಡ್ಯಾಶ್‌ಬೋರ್ಡ್: ಎರಡು ದ್ರಾಕ್ಷಿ ಸೀಸನ್ ಬಳಸಿದ ಮೇಲೆ

ವಿಜಯಪುರದಲ್ಲಿ ನಮ್ಮದು ಡ್ರಿಪ್ ಪೈಪು, ಫಿಟಿಂಗ್, ಫಿಲ್ಟರ್ ಮಾರುವ ಅಂಗಡಿ. ಗೋಡೌನ್ ಬೇರೆ ಕಡೆ ಇದೆ. ಅಂಗಡಿಯಲ್ಲಿ ಕೂತು "ಮಾಲು ಎಷ್ಟಿದೆ" ಅಂತ ನೋಡಬೇಕಾದರೆ ಬಿಲ್ಲಿಂಗ್ ಕಂಪ್ಯೂಟರ್ ಖಾಲಿ ಇರಬೇಕು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಸಮಯದಲ್ಲಿ ಅದು ಖಾಲಿ ಇರುವುದೇ ಇಲ್ಲ. ಅದಕ್ಕೇ ಒಂದು ಸಣ್ಣ ಕಂಪನಿಯವರಿಂದ ಈ ಡ್ಯಾಶ್‌ಬೋರ್ಡ್ ಹಾಕಿಸಿಕೊಂಡೆವು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಫೋಲ್ಡರ್‌ಗೆ ಸಿಎಸ್‌ವಿ ಫೈಲ್ ಹಾಕುತ್ತದೆ. ಹನ್ನೊಂದೂವರೆಗೆ ಇವರ ಪ್ರೋಗ್ರಾಂ ಅದನ್ನು ಓದಿ ಲೆಕ್ಕ ಮಾಡುತ್ತದೆ. ಬೆಳಿಗ್ಗೆ ಮೊಬೈಲ್‌ನಲ್ಲೇ ಐಟಂವಾರು ಸ್ಟಾಕ್ ಕಾಣುತ್ತದೆ.

ಈಗಿನ ಸ್ಥಿತಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲ ಸೀಸನ್‌ನಲ್ಲಿ ಕೇಳಿದ್ದರೆ ಎರಡಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಏನು ಬದಲಾಯಿತು ಅನ್ನೋದನ್ನೇ ಇಲ್ಲಿ ಬರೆಯುತ್ತೇನೆ. ಯಾರ ಹತ್ತಿರ ಮಾಡಿಸಿದರೂ ಕೇಳಬೇಕಾದದ್ದು ಇದನ್ನೇ.

ಮೊದಲಿಗೆ ಇವರು ಮಾಡಿದ್ದು ಹೀಗೆ: ಪ್ರತಿ ರಾತ್ರಿ ಆ ದಿನದ ಮಾರಾಟ ಮತ್ತು ಖರೀದಿ ಬಿಲ್ಲುಗಳನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡೋದು, ನಿನ್ನೆಯ ಸ್ಟಾಕ್‌ಗೆ ಖರೀದಿ ಕೂಡಿಸೋದು, ಮಾರಾಟ ಕಳೆಯೋದು. ಕೇಳೋಕೆ ಸರಿಯಾಗಿಯೇ ಇದೆ, ಅಲ್ವಾ? ಫೈಲ್ ಸಣ್ಣದು, ಕೆಲಸ ಬೇಗ ಮುಗಿಯುತ್ತದೆ. ಆದರೆ ಅಂಗಡಿಯಲ್ಲಿ ಬಿಲ್ಲುಗಳು ಆಯಾ ದಿನವೇ ಮುಗಿದು ಹೋಗುವುದಿಲ್ಲ. ಹಿಂದಿನ ತಾರೀಖಿನ ಬಿಲ್ಲು ತಿದ್ದುತ್ತಾರೆ, ಹಿಂದಿನ ತಾರೀಖಿಗೆ ಎಂಟ್ರಿ ಹಾಕುತ್ತಾರೆ. ಇವತ್ತಿನ ಬಿಲ್ಲು ಮಾತ್ರ ಕೇಳುವ ಎಕ್ಸ್‌ಪೋರ್ಟ್‌ಗೆ ಇದು ಯಾವುದೂ ಸಿಗುವುದಿಲ್ಲ.

16 ಎಂಎಂ ಪೈಪಿನ ಲೆಕ್ಕವನ್ನೇ ನೋಡಿ. ತಿಂಗಳ ಶುರುವಿನಲ್ಲಿ 20 ಬಂಡಲ್ ಇತ್ತು. 3ನೇ ತಾರೀಖು ಒಬ್ಬ ರೈತರಿಗೆ 6, 5ಕ್ಕೆ ಇನ್ನೊಬ್ಬರಿಗೆ 4 ಹೋಯಿತು. ಉಳಿದದ್ದು 10. ಅಲ್ಲಿಯವರೆಗೆ ಬಿಲ್ಲಿಂಗೂ ಡ್ಯಾಶ್‌ಬೋರ್ಡೂ ಒಂದೇ ಹೇಳುತ್ತಿದ್ದವು. 7ಕ್ಕೆ ಮೊದಲಿನ ರೈತರು 2 ಬಂಡಲ್ ವಾಪಸ್ ತಂದರು. ನಿಯಮದ ಪ್ರಕಾರ ಕ್ರೆಡಿಟ್ ನೋಟ್ ಮಾಡಬೇಕು. ನಮ್ಮ ಲೆಕ್ಕದ ಹುಡುಗ ಸುಮ್ನೆ 3ನೇ ತಾರೀಖಿನ ಬಿಲ್ಲು ತೆಗೆದು 6 ಇದ್ದದ್ದನ್ನು 4 ಮಾಡಿದ. ಬಿಲ್ಲಿಂಗ್‌ನಲ್ಲಿ ಸ್ಟಾಕ್ 12 ಆಯಿತು, ಡ್ಯಾಶ್‌ಬೋರ್ಡ್‌ನಲ್ಲಿ 10ಕ್ಕೇ ನಿಂತಿತು. 6ಕ್ಕೆ ಪೈಪ್ ಕಂಪನಿಯಿಂದ 15 ಬಂಡಲ್ ಬಂದಿತ್ತು, ಅದರ ಬಿಲ್ಲನ್ನು ಅವನು 9ಕ್ಕೆ ಕೂತು 6ನೇ ತಾರೀಖಿಗೇ ಹಾಕಿದ. ಈಗ ಬಿಲ್ಲಿಂಗ್‌ನಲ್ಲಿ 27, ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೂ 10. ಮುಂದಿನ ಮೂರು ದಿನದಲ್ಲಿ 13 ಬಂಡಲ್ ಮಾರಿದೆವು. ಬಿಲ್ಲಿಂಗ್ 14 ಅಂದರೆ ಡ್ಯಾಶ್‌ಬೋರ್ಡ್ ಕೆಂಪು ಅಕ್ಷರದಲ್ಲಿ -3 ಅಂತ ತೋರಿಸಿತು.

"ಸೌಕಾರ್ರ, ಮಾಲು ಇಲ್ಲೇ ಬಿದ್ದೈತಲ್ರೀ, ಮೈನಸ್ ಹೆಂಗ ಆಗ್ತೈತ್ರೀ?" ಅಂತ ಗೋಡೌನ್ ಹುಡುಗ ಫೋನಿನಲ್ಲಿ ಕೇಳಿದ. 17 ಬಂಡಲ್ ವ್ಯತ್ಯಾಸ: ತಿದ್ದಿದ ಬಿಲ್ಲಿನ 2, ತಡವಾಗಿ ಹಾಕಿದ ಖರೀದಿಯ 15.

ಮೈನಸ್ ಬಂದರೆ ಒಂದು ರೀತಿ ಒಳ್ಳೆಯದು, ಯಾರ ಕಣ್ಣಿಗಾದರೂ ಬೀಳುತ್ತದೆ. ಬರೀ 2 ಬಂಡಲ್ ವ್ಯತ್ಯಾಸ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ ಅಷ್ಟಿಷ್ಟು ಕೂಡುತ್ತಾ ಹೋಗುತ್ತದೆ, ತಾನಾಗಿ ಸರಿಯಾಗುವುದಂತೂ ಇಲ್ಲ.

ಕಂಪನಿಯವರು ಮೊದಲು "ನಿಮ್ಮ ಹುಡುಗರಿಗೆ ಬಿಲ್ಲು ತಿದ್ದಬೇಡಿ ಅಂತ ಹೇಳಿ" ಅಂದರು. ಸೀಸನ್‌ನಲ್ಲಿ ಕೌಂಟರ್ ಮುಂದೆ ಗಿರಾಕಿ ನಿಂತಿರುವಾಗ ಇದೆಲ್ಲ ನಡೆಯುವ ಮಾತಲ್ಲ. ಕೊನೆಗೆ ಸಾಕಷ್ಟು ಜಗ್ಗಾಡಿದ ಮೇಲೆ ಎರಡು ಬದಲಾವಣೆ ಮಾಡಿಕೊಟ್ಟರು.

ಮೊದಲನೆಯದು, ಸ್ಟಾಕ್ ಎಷ್ಟು ಅಂತ ಡ್ಯಾಶ್‌ಬೋರ್ಡ್ ಈಗ ಲೆಕ್ಕ ಹಾಕುವುದೇ ಇಲ್ಲ. ಬಿಲ್ಲಿಂಗ್‌ನ ಸ್ಟಾಕ್ ಸಮರಿಯಲ್ಲಿ ಐಟಂವಾರು ಕ್ಲೋಸಿಂಗ್ ರೆಡಿ ಇರುತ್ತದೆ. ರಾತ್ರಿ ಅದನ್ನೇ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಹಳೆಯದನ್ನು ಅಳಿಸಿ ಹಾಕುತ್ತದೆ. ಹಿಂದಿನ ಬಿಲ್ಲು ಯಾರು ಯಾವಾಗ ತಿದ್ದಿದರೂ ಆ ರಾತ್ರಿಯೇ ಸರಿಹೋಗುತ್ತದೆ. ಎರಡನೆಯದು, ಯಾವ ಐಟಂ ಎಷ್ಟು ಬೇಗ ಖರ್ಚಾಗುತ್ತಿದೆ ಅಂತ ತಿಳಿಯಲು ಬಿಲ್ಲುಗಳು ಬೇಕೇ ಬೇಕು. ಅವನ್ನು ಈಗ ಕಳೆದ ತಿಂಗಳ 1ನೇ ತಾರೀಖಿನಿಂದ ಇವತ್ತಿನವರೆಗೆ ಪ್ರತಿ ರಾತ್ರಿ ಹೊಸದಾಗಿ ತೆಗೆಯುತ್ತದೆ. ಅಲ್ಲಿಂದಲೇ ಏಕೆ ಅಂದರೆ, ನಮ್ಮದು ತಿಂಗಳ ರಿಟರ್ನ್. ಮುಂದಿನ ತಿಂಗಳು 11ರೊಳಗೆ ಜಿಎಸ್‌ಟಿಆರ್-1 ಹಾಕಿದ ಮೇಲೆ ಹಿಂದಿನ ತಿಂಗಳ ಮಾರಾಟದ ಬಿಲ್ಲು ಯಾರೂ ಮುಟ್ಟುವುದಿಲ್ಲ. ಕಂಪನಿಯವರು ಏಳು ದಿನ ಸಾಕು ಅಂದಿದ್ದರು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಇನ್ನೂ ಹಿಂದಕ್ಕೆ ಹೋಗಬೇಕು.

ಇನ್ನೊಂದು ತೊಂದರೆ ಬೇರೆ ತರಹದ್ದು. ಡ್ಯಾಶ್‌ಬೋರ್ಡ್ ಮೇಲೆ "ಅಪ್‌ಡೇಟ್ ಆಗಿದ್ದು: ರಾತ್ರಿ 11:32" ಅಂತ ದಿನಾಲೂ ಬರುತ್ತಿತ್ತು. ಒಂದು ವಾರ ಎಲ್ಲ ಐಟಂ ಕಲ್ಲಿನ ಹಾಗೆ ನಿಂತಿದ್ದವು. ನೋಡಿದರೆ ಬಿಲ್ಲಿಂಗ್ ಸ್ಕ್ರೀನ್ ಮೇಲೆ ಹೊಸ ವರ್ಷನ್ ಬಂದಿದೆ ಅಂತ ಒಂದು ಪಾಪಪ್ ಕೂತಿತ್ತು, ಅದರಿಂದ ಎಕ್ಸ್‌ಪೋರ್ಟೇ ನಡೆದಿರಲಿಲ್ಲ. ಇವರ ಪ್ರೋಗ್ರಾಂ ಮಾತ್ರ ಪಾಪ, ಅದೇ ಹಳೆಯ ಫೈಲನ್ನು ದಿನಾ ನಿಯತ್ತಿನಿಂದ ಓದುತ್ತಿತ್ತು. ಆ ಟೈಮು ಪ್ರೋಗ್ರಾಂ ಓಡಿದ್ದು, ಫೈಲಿನದ್ದಲ್ಲ. ಈಗ ಮೇಲ್ಗಡೆ ಕೊನೆಯ ಬಿಲ್ಲಿನ ನಂಬರ್ ಮತ್ತು ತಾರೀಖು ಹಾಕಿಸಿದ್ದೇನೆ. ಬೆಳಿಗ್ಗೆ ನಿನ್ನೆಯ ಕೊನೆಯ ಬಿಲ್ಲಿನ ಜೊತೆ ಅದನ್ನು ಹೋಲಿಸಿ ನೋಡುವುದು ಅಂಗಡಿ ತೆಗೆಯುವವನ ಕೆಲಸ. ಗೂಗಲ್ ಶೀಟ್‌ನಲ್ಲಿ ಮಾಡಿಕೊಂಡವರು ಇಷ್ಟು ಹಾಕಿಕೊಂಡರೂ ನಡೆಯುತ್ತದೆ. B1ರಲ್ಲಿ ಕೊನೆಯ ಬಿಲ್ಲಿನ ತಾರೀಖು ಇರಬೇಕು:

```
=IF(TODAY()-B1>1,"ಹಳೆಯದು","ಸರಿ")
```

ವಾರದ ರಜೆಯ ಮರುದಿನ ಇದು ಸುಮ್ನೆ "ಹಳೆಯದು" ಅನ್ನುತ್ತದೆ, ಅದಕ್ಕೆ ಗಾಬರಿ ಬೇಡ.

ಕಂಪ್ಯೂಟರ್ ರಾತ್ರಿ ಚಾಲೂ ಇರಲೇಬೇಕು. ಕರೆಂಟ್ ಹೋಗಿ ಆ ಹೊತ್ತು ತಪ್ಪಿದರೆ ಬೆಳಿಗ್ಗೆ ಆನ್ ಮಾಡಿದ ಮೇಲೆ ತಾನೇ ಓಡಲಿ ಅಂತ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ `Run task as soon as possible after a scheduled start is missed` ಅನ್ನುವಲ್ಲಿ ಟಿಕ್ ಹಾಕಿಸಿ. ನಮ್ಮಲ್ಲಿ ಎಕ್ಸ್‌ಪೋರ್ಟೂ ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ಎರಡಕ್ಕೂ ಹಾಕಿಸಿದ್ದೇವೆ.

ಇದರಿಂದ ಆಗದ ಕೆಲಸವೂ ಇದೆ. ಮಾಲು ಗೋಡೌನಿಗೆ ಬಂದು ಬಿಲ್ಲು ಹಾಕದೆ ಇದ್ದರೆ ಡ್ಯಾಶ್‌ಬೋರ್ಡ್‌ಗೆ ಅದು ಬಂದೇ ಇಲ್ಲ. ಬಂಡಲ್ ಬಿಚ್ಚಿ ಮೀಟರ್ ಲೆಕ್ಕದಲ್ಲಿ ಕೊಟ್ಟಾಗ ಉಳಿಯುವ ತುಂಡುಗಳು, ಇಲಿ ಕಡಿದ ಪೈಪು, ಇವೂ ಗೊತ್ತಾಗುವುದಿಲ್ಲ. ಅದಕ್ಕೆ ಜಾಸ್ತಿ ಓಡುವ ಹತ್ತಿಪ್ಪತ್ತು ಐಟಂಗಳನ್ನು ತಿಂಗಳಿಗೊಮ್ಮೆ ಕೈಯಾರೆ ಎಣಿಸುತ್ತೇವೆ. "ಇನ್ನೆಷ್ಟು ದಿನಕ್ಕೆ ಸಾಕು" ಅನ್ನುವ ಕಾಲಂ ಕೂಡ ಹಿಂದಿನ ವಾರಗಳ ಮಾರಾಟ ನೋಡಿ ಹೇಳುತ್ತದೆ, ಆದ್ದರಿಂದ ಅಕ್ಟೋಬರ್ ಚಾಟ್ನಿ ಶುರುವಾಗುವ ಹೊತ್ತಿಗೆ ಅದನ್ನು ನಾನು ನೋಡುವುದಿಲ್ಲ. ಆಗ ಹಿಂದಿನ ವರ್ಷದ ಬಿಲ್ಲುಗಳನ್ನೇ ತೆಗೆದು ಆರ್ಡರ್ ಹಾಕುತ್ತೇನೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಸಪೋರ್ಟ್‌ಗೆ. ಫೋನ್ ಎತ್ತುತ್ತಾರೆ, ಆದರೆ ಭಾನುವಾರ ಸಿಗುವುದಿಲ್ಲ. ಭಾನುವಾರವೇ ನಮ್ಮಲ್ಲಿ ಗಿರಾಕಿ ಜಾಸ್ತಿ. ಒಂದೇ ಕೌಂಟರ್, ಅಂಗಡಿಯಲ್ಲೇ ಮಾಲು ಕಣ್ಣಿಗೆ ಕಾಣುತ್ತದೆ ಅನ್ನುವವರಿಗೆ ಇದು ಬೇಡ, ಬಿಲ್ಲಿಂಗ್‌ನ ಸ್ಟಾಕ್ ಸಮರಿಯೇ ಸಾಕು. ಗೋಡೌನ್ ದೂರ ಇದ್ದವರು ಹಾಕಿಸಬಹುದು, ಆದರೆ ಹಣ ಕೊಡುವ ಮೊದಲು ಅವರ ಎದುರಿಗೇ ಕಳೆದ ವಾರದ ಒಂದು ಬಿಲ್ಲು ತಿದ್ದಿ, ಮರುದಿನ ಡ್ಯಾಶ್‌ಬೋರ್ಡ್ ಏನು ತೋರಿಸುತ್ತದೆ ನೋಡಿ.