ಇಂಗ್ಲಿಷ್ ಲಿಟರೇಚರ್ ರಿವ್ಯೂ ಬರೆಯುವವರೇ, ಪೂರ್ವಪಕ್ಷವನ್ನು ಕನ್ನಡ ಲೇಖಕರ ತಲೆಗೆ ಕಟ್ಟಬೇಡಿ

ಕನ್ನಡ ಆಕರಗಳನ್ನು ಓದಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುತ್ತಿರುವ ಸಂಶೋಧಕರು ದಯವಿಟ್ಟು ಇದನ್ನು ಓದಿ. ನಾನು ಒಂದು ಲೇಖನದುದ್ದಕ್ಕೂ ಅಲ್ಲಗಳೆದ ವಾದ ಈಗ ನನ್ನ ವಾದವೆಂದೇ ಇಂಗ್ಲಿಷಿನಲ್ಲಿ ಓಡಾಡುತ್ತಿದೆ. ಅದನ್ನು ಬರೆದವರು ಕನ್ನಡ ಚೆನ್ನಾಗಿ ಬಲ್ಲವರು. ಅದಕ್ಕೇ ಈ ಎಚ್ಚರಿಕೆ.

ವಚನಗಳನ್ನು 12ನೆಯ ಶತಮಾನದ ಸಮಾಜದ ಚರಿತ್ರೆಗೆ ಆಕರವಾಗಿ ಹೇಗೆ ಬಳಸಬಹುದು ಎಂಬುದು ನನ್ನ ಲೇಖನದ ವಿಷಯ. ತೊಡಕು ಹೊಸದೇನಲ್ಲ. ಬಸವಣ್ಣ, ಅಲ್ಲಮರ ಕಾಲ 12ನೆಯ ಶತಮಾನ. ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿ, ವಿಂಗಡಿಸಿ, ಕಟ್ಟಿಟ್ಟದ್ದು 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಮತ್ತು ಆಮೇಲೆ. ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಮೊದಲು ಸಂಕಲಿಸಿದ್ದೂ ಆ ಶತಮಾನದಲ್ಲೇ. ಅಲ್ಲಿ ವಚನಗಳು ಅಲ್ಲಮ ಮತ್ತು ಇತರ ಶರಣರ ನಡುವಿನ ಸಂವಾದದಂತೆ ಜೋಡಣೆಯಾಗಿವೆ. ಅವುಗಳನ್ನು ಬೆಸೆಯುವ ಗದ್ಯ ಸಂಕಲನಕಾರರದು.

ನಾನು ವಾದಿಸಿದ್ದು ಇಷ್ಟು. ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಆ ಮಾತು ಹೇಳಿದರು ಎಂಬ ಚೌಕಟ್ಟನ್ನು 15ನೆಯ ಶತಮಾನದ ಸಾಕ್ಷಿ ಎಂದು ಇಟ್ಟುಕೊಳ್ಳಬೇಕು. ಆದರೆ ಒಂದು ವಚನ ಆ ಚೌಕಟ್ಟಿನ ಹೊರಗೂ, ಬೇರೆ ಬೇರೆ ಓಲೆಗರಿಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ ಸಿಕ್ಕರೆ, ಅದರೊಳಗಿನ ಕಸುಬು, ಸುಂಕ, ಸಾಲದಂಥ ವಿವರಗಳನ್ನು ಶಾಸನಗಳೊಂದಿಗೆ ತಾಳೆ ನೋಡಿ 12ನೆಯ ಶತಮಾನಕ್ಕೆ ಬಳಸಬಹುದು. ಅಂದರೆ ಷರತ್ತಿನ ಮೇಲೆ ಬಳಸಿ ಎಂದೆ. ಬಳಸಲೇಬಾರದು ಎನ್ನುವವರನ್ನು ವಿರೋಧಿಸಿ ಬರೆದ ಲೇಖನ ಅದು.

ಇಂಗ್ಲಿಷ್ ನಿಯತಕಾಲಿಕವೊಂದರ ಲೇಖನದಲ್ಲಿ ಇದು ಒಂದೇ ವಾಕ್ಯವಾಗಿ ಬಂತು: ವಚನಗಳು ವಿಜಯನಗರ ಕಾಲದ ನಿರ್ಮಿತಿ, 12ನೆಯ ಶತಮಾನದ ಬಗ್ಗೆ ಅವು ಏನನ್ನೂ ಹೇಳಲಾರವು ಎಂದು ಪ್ರಾದೇಶಿಕ ವಿದ್ವಾಂಸರು ವಾದಿಸುತ್ತಾರೆ. ಅದರ ಮುಂದೆ ಆವರಣದೊಳಗೆ ನನ್ನ ಹೆಸರು, ಇಸವಿ. ಪುಟಸಂಖ್ಯೆ ಇಲ್ಲ.

ಸಂಶೋಧನಾ ವಿದ್ಯಾರ್ಥಿಯೊಬ್ಬರು "ಸರ್, ವಚನಗಳ ಕಾಲವನ್ನೇ ನೀವು ನಿರಾಕರಿಸಿದ್ದೀರಂತೆ, ಹೌದಾ?" ಎಂದು ಕೇಳಿದಾಗಲೇ ನನಗೆ ಇದು ಗೊತ್ತಾದದ್ದು. ಆ ಹೊತ್ತಿಗೆ ಬೇರೆ ಇಂಗ್ಲಿಷ್ ಪ್ರಬಂಧಗಳೂ ಆ ಲೇಖನವನ್ನು ನೋಡಿಕೊಂಡು, ನನ್ನ ಕನ್ನಡ ಲೇಖನವನ್ನು ತಾವೇ ಓದಿದಂತೆ ಉಲ್ಲೇಖಿಸಿದ್ದವು. ವಚನಗಳ ಕಾಲದ ಪ್ರಶ್ನೆ ಎಷ್ಟು ಜನರ ನಂಬಿಕೆಗೆ, ಬದುಕಿಗೆ ತಾಗುವಂಥದ್ದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ನನಗೆ ಬಂದ ಕೆಲವು ಪತ್ರಗಳನ್ನು ಓದಿ ತುಂಬ ನೋವಾಯಿತು.

ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕಿದೆ. ಲೇಖನದ ಎರಡನೆಯ ಪುಟದಲ್ಲಿ ಹೀಗಿದೆ: "ಇಂದು ದೊರೆಯುವ ವಚನಗಳು 15ನೆಯ ಶತಮಾನದ ಸಂಕಲನಕಾರರ ಕೈಯಲ್ಲಿ ರೂಪುಗೊಂಡವು, ಅವುಗಳಲ್ಲಿ ಕಲ್ಯಾಣದ ಸಮಾಜವನ್ನು ಹುಡುಕುವುದು ವ್ಯರ್ಥ, 1260ರ ಅರ್ಜುನವಾಡ ಶಾಸನದಂಥ ಶಾಸನಗಳನ್ನಷ್ಟೇ ನೆಚ್ಚಬೇಕು ಎಂದು ವಾದಿಸುವವರಿದ್ದಾರೆ." ಯಾರ ಮಾತು ಎಂಬುದು ಕೊನೆಯ ಎರಡು ಪದಗಳಲ್ಲಿದೆ. ಕನ್ನಡದಲ್ಲಿ ಮಾತು ಮೊದಲು ಬರುತ್ತದೆ, ಆಡಿದವರು ಆಮೇಲೆ ಬರುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆಡಿದವರು ಮೊದಲು. ಟಿಪ್ಪಣಿ ಮಾಡಿಕೊಳ್ಳುವಾಗ ವಾಕ್ಯದ ಮುಂಭಾಗವನ್ನಷ್ಟೇ ಇಂಗ್ಲಿಷಿಗೆ ಇಳಿಸಿಕೊಂಡರೆ ಬಾಲ ಕಳಚಿಹೋಗುತ್ತದೆ, ಎದುರಾಳಿಯ ವಾದ ಲೇಖಕರ ವಾದವಾಗುತ್ತದೆ. ತಿಂಗಳುಗಳ ನಂತರ ಆ ಟಿಪ್ಪಣಿಯನ್ನು ಮಾತ್ರ ನೋಡಿ ರಿವ್ಯೂ ಬರೆಯುವವರಿಗೆ ಬಾಲವೊಂದಿತ್ತು ಎಂಬ ಸುಳಿವೂ ಉಳಿದಿರುವುದಿಲ್ಲ.

ಇನ್ನೊಂದು ಕಾರಣ ಲೇಖನದ ಕಟ್ಟಡದಲ್ಲಿದೆ. ಇಂಗ್ಲಿಷ್ ಪ್ರಬಂಧದಲ್ಲಿ ಲೇಖಕರ ನಿಲುವು ಸಾಮಾನ್ಯವಾಗಿ ಸಾರಾಂಶದಲ್ಲೇ, ಹೆಚ್ಚೆಂದರೆ ಮೊದಲ ಪುಟದಲ್ಲೇ ಸಿಗುತ್ತದೆ. ನಮ್ಮಲ್ಲಿ ಪೂರ್ವಪಕ್ಷವನ್ನು ಪೂರ್ತಿ ಬಲದಿಂದ ಮಂಡಿಸಿ ಆಮೇಲೆ ಉತ್ತರ ಕೊಡುವ ಪದ್ಧತಿ ಇನ್ನೂ ಜೀವಂತವಾಗಿದೆ, ಮತ್ತು ನನ್ನ ಮಟ್ಟಿಗೆ ಅದು ಒಳ್ಳೆಯ ಪದ್ಧತಿ. ಎದುರಾಳಿಗೆ ನ್ಯಾಯ ಸಲ್ಲಿಸಬೇಕೆಂದೇ ಮೊದಲ ಕೆಲವು ಪುಟಗಳನ್ನು ಅವರ ವಾದಕ್ಕೆ ಬಿಟ್ಟುಕೊಟ್ಟಿದ್ದೆ. "ಇದೇನೋ ನಿಜ. ಹಾಗೆಂದು..." ಎಂದು ವಾದ ಹೊರಳುವುದು ಆಮೇಲೆ. ಅಲ್ಲಿಯವರೆಗೆ ಓದಿ ನಿಲ್ಲಿಸಿದವರಿಗೆ ನಾನು ಎದುರಾಳಿಯ ವಾದದ ವಕೀಲನಂತೆ ಕಂಡರೆ ಆಶ್ಚರ್ಯವಿಲ್ಲ.

ಹಾಗಾಗಿ ಸಾರಾಂಶ ಬರೆಯುವ ಮೊದಲು ಪ್ರತಿ ಪ್ಯಾರಾದ ಅಂಚಿನಲ್ಲಿ "ಯಾರ ಮಾತು?" ಎಂದು ಗುರುತು ಹಾಕಿ: ಲೇಖಕರದೋ, ಎದುರಾಳಿಯದೋ, ಚರ್ಚೆಗಾಗಿ ಒಪ್ಪಿಕೊಂಡದ್ದೋ. ಎಂದು, ಎಂಬ, ಎನ್ನಲಾಗುತ್ತದೆ, ಅಂತೆ ಕಂಡಲ್ಲೆಲ್ಲ ನಿಂತು ಆ ಮಾತು ಎಲ್ಲಿಂದ ಶುರುವಾಯಿತೆಂದು ಹಿಂದಕ್ಕೆ ಹೋಗಿ ನೋಡಿ. ಕೆಲವೊಮ್ಮೆ ಅದು ಹಿಂದಿನ ಪ್ಯಾರಾದಿಂದಲೇ ಹರಿದು ಬಂದಿರುತ್ತದೆ. "ಹಾಗಾದರೆ ವಚನಗಳಿಂದ ಏನೂ ತಿಳಿಯುವುದಿಲ್ಲವೆ?" ಎಂಬಂಥ ಪ್ರಶ್ನೆಯನ್ನು ಹೇಳಿಕೆ ಮಾಡಿಬಿಡಬೇಡಿ, ಅದಕ್ಕೆ ಲೇಖಕರ ಉತ್ತರ ಮುಂದೆ ಇರುತ್ತದೆ.

ಆಮೇಲೆ ನೇರವಾಗಿ ಇಂಗ್ಲಿಷಿಗೆ ಹೋಗಬೇಡಿ. ಲೇಖಕರು ಏನು ಹೇಳುತ್ತಾರೆ, ಯಾವುದರ ಆಧಾರದ ಮೇಲೆ ಹೇಳುತ್ತಾರೆ, ಎಲ್ಲಿಯವರೆಗೆ ಮಾತ್ರ ಹೇಳುತ್ತಾರೆ ಎಂಬುದನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಮೂರನೆಯದು ಇಂಗ್ಲಿಷಿಗೆ ಹೋಗುವಾಗ ಬೇಗ ಕಳೆದುಹೋಗುತ್ತದೆ. ನನ್ನ ಲೇಖನಕ್ಕೆ ನ್ಯಾಯವಾದ ಸಾರಾಂಶ ಹೀಗಿರಬಹುದಿತ್ತು: "ಸಂಕಲನಗಳು ತಡವಾದವು ಎಂಬ ಆಕ್ಷೇಪವನ್ನು ಲೇಖಕರು ಒಪ್ಪುತ್ತಾರೆ, ಆದರೆ ಅದರಿಂದ ವಚನಗಳೇ ನಿರುಪಯೋಗಿ ಎಂಬ ತೀರ್ಮಾನವನ್ನು ಒಪ್ಪುವುದಿಲ್ಲ; ಹಲವು ಹಸ್ತಪ್ರತಿಗಳಲ್ಲಿ ಸಿಗುವ, ಶಾಸನಗಳೊಂದಿಗೆ ತಾಳೆಯಾಗುವ ವಿವರಗಳಿಗೆ ಮಾತ್ರ 12ನೆಯ ಶತಮಾನದ ಸಾಕ್ಷ್ಯದ ಸ್ಥಾನ ಕೊಡುತ್ತಾರೆ." ಇಂಗ್ಲಿಷಿನಲ್ಲಿ ಇದು ಎರಡು ವಾಕ್ಯಕ್ಕಿಂತ ಹೆಚ್ಚಾಗದು. ವಾದ ಹೊರಳುವ ಮೂಲ ವಾಕ್ಯವನ್ನು ಪುಟಸಂಖ್ಯೆಯೊಂದಿಗೆ ಅಡಿಟಿಪ್ಪಣಿಯಲ್ಲಿ ಕನ್ನಡದಲ್ಲೇ ಕೊಟ್ಟು, ಅನುವಾದ ಯಾರದೆಂದು ಹೇಳಿ. ಪ್ರಬಂಧ ಪರಿಶೀಲಿಸುವವರಿಗೆ ಕನ್ನಡ ಬರದಿದ್ದರೂ ಮುಂದೆ ಬರುವ ಕನ್ನಡ ಓದುಗರಿಗೆ ಪರೀಕ್ಷಿಸಲು ದಾರಿ ಇರುತ್ತದೆ.

"ಪ್ರಾದೇಶಿಕ ವಿದ್ವಾಂಸರು" ಎಂಬ ಗುಂಪಿನ ಬಗ್ಗೆಯೂ ಹೇಳಲೇಬೇಕು. ಅದೇ ರಿವ್ಯೂನಲ್ಲಿ ಇಂಗ್ಲಿಷಿನಲ್ಲಿ ಬರೆದವರಿಗೆ ಒಬ್ಬೊಬ್ಬರಿಗೂ ಒಂದು ಪ್ಯಾರಾ ಸಿಕ್ಕಿತ್ತು. ಅವರ ವಾದ, ಅದಕ್ಕೆ ಬಂದ ಆಕ್ಷೇಪ, ಅವರ ಉತ್ತರ ಎಲ್ಲವೂ ಇದ್ದವು. ಕನ್ನಡದಲ್ಲಿ ಬರೆದವರು ತಮ್ಮತಮ್ಮೊಳಗೆ ಜಗಳವಾಡಿದ ವಿಷಯದಲ್ಲೂ ಒಂದೇ ದನಿಯವರಂತೆ ಒಂದು ವಾಕ್ಯದಲ್ಲಿ ಸೇರಿಹೋಗಿದ್ದರು. ಒಂದೇ ಪ್ರಶ್ನೆಗೆ ಇಬ್ಬರು ಕನ್ನಡ ಲೇಖಕರು ಬೇರೆ ಬೇರೆ ಉತ್ತರ ಕೊಟ್ಟಿದ್ದರೆ ನಿಮ್ಮ ರಿವ್ಯೂನಲ್ಲಿ ಆ ಭಿನ್ನಾಭಿಪ್ರಾಯ ಕಾಣಲೇಬೇಕು. ಅದು ಕಾಣದಿದ್ದರೆ ಅವರನ್ನು ನೀವು ಮಾಹಿತಿದಾರರಂತೆ ಬಳಸಿಕೊಂಡಿರಿ, ಅವರೊಂದಿಗೆ ವಾದಕ್ಕೆ ಇಳಿಯಲಿಲ್ಲ ಎಂದೇ ಅರ್ಥ.

ಆ ಪತ್ರಿಕೆಗೆ ನಾನು ಬರೆದೆ. ಇದು ವ್ಯಾಖ್ಯಾನದ ವ್ಯತ್ಯಾಸ ಎಂಬ ಉತ್ತರ ಮೊದಲು ಬಂತು. ಎರಡನೆಯ ಪುಟದ ಆ ವಾಕ್ಯವನ್ನೂ ವಾದ ಹೊರಳುವ ಪ್ಯಾರಾವನ್ನೂ ಅನುವಾದದ ಜೊತೆ ಅಕ್ಕಪಕ್ಕ ಇಟ್ಟು ಕಳಿಸಿದ ಮೇಲೆ ತಿದ್ದುಪಡಿ ಪ್ರಕಟಿಸಿದರು. ಆದರೆ ಆ ತಪ್ಪು ವಾಕ್ಯವನ್ನು ನಂಬಿ ಬರೆದ ಪ್ರಬಂಧಗಳು ಹಾಗೆಯೇ ಇವೆ. ಯಾರದಾದರೂ ಇಂಗ್ಲಿಷ್ ರಿವ್ಯೂನಿಂದ ಕನ್ನಡ ಲೇಖನವೊಂದನ್ನು ನೀವು ಎತ್ತಿಕೊಂಡಿದ್ದರೆ, ಪ್ರಬಂಧ ಸಲ್ಲಿಸುವ ಮೊದಲು ಮೂಲವನ್ನು ತರಿಸಿಕೊಂಡು ಕೊನೆಯ ಪುಟದವರೆಗೆ ಓದಿ. ಮೂಲ ಸಿಗದೇ ಹೋದರೆ, ಯಾರ ಮೂಲಕ ಉಲ್ಲೇಖಿಸುತ್ತಿದ್ದೀರಿ ಎಂದು ಅಲ್ಲೇ ನಮೂದಿಸಿ. ಲೇಖಕರು ಬದುಕಿದ್ದರೆ ನಿಮ್ಮ ಆ ಎರಡು ವಾಕ್ಯಗಳನ್ನು ಅವರಿಗೆ ಕಳಿಸಿ ಕೇಳಿ. ನನಗೆ ಯಾರಾದರೂ ಹಾಗೆ ಕಳಿಸಿದ್ದರೆ ಅದೇ ದಿನ ಉತ್ತರ ಬರೆಯುತ್ತಿದ್ದೆ.