ಕೂಗಿದ್ದು ಇನ್ವರ್ಟರ್, ಬದಲಾದದ್ದು ಬ್ಯಾಟರಿ

ಇನ್ವರ್ಟರ್ ಬೀಪ್ ಬೀಪ್ ಎಂದು ಕೂಗಿ ಆಫ್ ಆಗುತ್ತಿದೆಯೆಂದು ಬ್ಯಾಟರಿ ಬದಲಾಯಿಸಲು ಹೊರಟವರು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ಹಳೆಯ ಬ್ಯಾಟರಿಯನ್ನು ಕೊಟ್ಟು, ಮೇಲೆ 16 ಸಾವಿರ ರೂಪಾಯಿ ಎಣಿಸಿ ಹೊಸದನ್ನು ಹೊತ್ತು ತಂದೆ. ಮೂರನೆಯ ಸಂಜೆಗೆ ಇನ್ವರ್ಟರ್ ಮತ್ತೆ ಅದೇ ರಾಗ ತೆಗೆಯಿತು.

ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗಿದೆ. ಕರೆಂಟಿನ ತಂತಿ ಸೊಪ್ಪಿನ ಬೆಟ್ಟಗಳ ನಡುವೆ ಹಾದು ಬರುವುದರಿಂದ ಮಳೆ ಹಿಡಿದ ಮೇಲೆ ಎಲ್ಲೋ ಒಂದು ಮರ ಅದರ ಮೇಲೆ ಒರಗಿಯೇ ಒರಗುತ್ತದೆ. ಇನ್ವರ್ಟರ್ ಒಮ್ಮೆಗೆ ಕೊಡಬಲ್ಲದ್ದು 900 ವಿಎ, ಬ್ಯಾಟರಿ ತುಂಬಿಟ್ಟುಕೊಳ್ಳುವುದು 150 ಎಎಚ್. ಮೂರು ಮಳೆಗಾಲ ಇವೆರಡೂ ತಕರಾರಿಲ್ಲದೆ ನಡೆದಿದ್ದವು. ಕಳೆದ ಜೂನ್‌ನಲ್ಲಿ ಮಾತ್ರ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಬೀಪ್ ಶುರುವಾಗಿ ಮನೆಯೆಲ್ಲ ಕತ್ತಲಾಗತೊಡಗಿತು. ಕೆಲವು ಸೆಕೆಂಡುಗಳಲ್ಲಿ ತಾನೇ ಹೊತ್ತಿಕೊಳ್ಳುತ್ತಿತ್ತು, ಮತ್ತೆ ಕೂಗುತ್ತಿತ್ತು. ಮೂರು ನಾಲ್ಕು ಸಲ ಹೀಗಾದರೆ ಇನ್ವರ್ಟರಿನ ಮುಂಭಾಗದ ಗುಂಡಿಯನ್ನು ಆಫ್ ಮಾಡಿ ಆನ್ ಮಾಡುವವರೆಗೆ ಅಲ್ಲಾಡುತ್ತಿರಲಿಲ್ಲ.

ಪೇಟೆಯ ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. "ಬ್ಯಾಟರಿ ಇಳಿದಿದೆ ಹೆಗಡೆಯವರೇ. ಈ ಸಲ 200 ಎಎಚ್ ಹಾಕಿಬಿಡಿ, ಮತ್ತೆ ತಲೆನೋವಿಲ್ಲ." ಲೋಡ್ ಎಷ್ಟಿದೆ ಎಂದು ಅವರು ಕೇಳಲಿಲ್ಲ. ಹೇಳಬೇಕೆಂದು ನನಗೂ ಹೊಳೆಯಲಿಲ್ಲ.

ಹೊಸ ಬ್ಯಾಟರಿಯೂ ಕೂಗಿದಾಗ ಕಾರಣ ಹಿಡಿದವರು ಆಯಿ. ಕತ್ತಲಲ್ಲಿ ಕುಳಿತವರು, "ಪ್ರತಿ ಸಲವೂ ಮೊದಲು ಫ್ರಿಜ್ ಗುರ್ ಎನ್ನುತ್ತದೆ, ಆಮೇಲೆ ಇದು ಕೂಗುತ್ತದೆ" ಎಂದರು. ಕರೆಂಟ್ ಇಲ್ಲದಾಗ ಫ್ರಿಜ್ ಗುರ್ ಎನ್ನಲೇಬಾರದು, ಏಕೆಂದರೆ ಅದು ಇನ್ವರ್ಟರ್ ಲೈನಿನಲ್ಲಿ ಇರಲೇ ಇಲ್ಲ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಫ್ರಿಜ್ಜಿನ ಒಳಗೆ ದೀಪ ಉರಿಯುತ್ತಿತ್ತು! ಮೇ ತಿಂಗಳಿನಲ್ಲಿ ಅಡುಗೆಮನೆಗೆ ಹೊಸ ಪ್ಲಗ್ ಪಾಯಿಂಟ್ ಹಾಕಿಸಿದ್ದೆವು. ವೈರ್ ಎಳೆದ ಹುಡುಗ ಪಕ್ಕದ ಲೈಟಿನ ಸ್ವಿಚ್ ಬೋರ್ಡಿನಿಂದಲೇ ಲೈನ್ ತೆಗೆದಿದ್ದ. ಆ ಬೋರ್ಡು ಇನ್ವರ್ಟರಿನದು. ಫ್ರಿಜ್ಜನ್ನು ಆ ಹೊಸ ಪ್ಲಗ್ಗಿಗೆ ಸರಿಸಿದವನು ನಾನೇ.

ಲೆಕ್ಕ ಹಾಕಿದ್ದು ಆಮೇಲೆ. 900 ವಿಎ ಎಂದರೆ 900 ವ್ಯಾಟ್ ಎಂದೇ ನಾನು ತಿಳಿದಿದ್ದೆ. ಮನೆಯ ಇನ್ವರ್ಟರುಗಳಿಗೆ ಅದರ ಸುಮಾರು ಶೇಕಡ 80 ಹಿಡಿಯುವುದು ಕ್ಷೇಮ, ಅಂದರೆ 720 ವ್ಯಾಟ್. ನಮ್ಮಲ್ಲಿ ಹಳೆಯ ಫ್ಯಾನು ನಾಲ್ಕು, ತಲಾ 75ರಂತೆ 300. ಎಲ್‌ಇಡಿ ಬಲ್ಬು ಎಂಟು, ತಲಾ 10ರಂತೆ 80. ಟಿವಿ 100, ಇಂಟರ್‌ನೆಟ್ಟಿನ ರೂಟರ್ 10. ಒಟ್ಟು 490. ಫ್ರಿಜ್ ಓಡುವಾಗ ಸುಮಾರು 150 ವ್ಯಾಟ್ ಎಳೆಯುತ್ತದೆ ಎಂದುಕೊಂಡರೂ 640 ಆಯಿತು. ಕಾಗದದ ಮೇಲೆ ಇನ್ನೂ 80 ವ್ಯಾಟ್ ಉಳಿಯುತ್ತದೆ.

ಮೋಸ ಇರುವುದು ಇಲ್ಲಿಯೇ. ಫ್ರಿಜ್ಜಿನ ಕಂಪ್ರೆಸರ್ ನಿಂತಲ್ಲಿಂದ ಏಳುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಕೇಳುತ್ತದೆ. ಐದು ಪಟ್ಟು ಎಂದರೂ 750 ವ್ಯಾಟ್. ಒಂದು ಸೆಕೆಂಡಿಗೂ ಕಡಿಮೆ ಹೊತ್ತು ನಿಜ, ಆದರೆ ಆಗಲೇ 490 ಹೊತ್ತಿರುವ ಇನ್ವರ್ಟರಿಗೆ ಅಷ್ಟೇ ಸಾಕು. ಸರಿ, ಹಾಗಿದ್ದರೆ ಕರೆಂಟ್ ಹೋದ ಕೂಡಲೇ ಕೂಗದೆ ಒಮ್ಮೆ ಐದು ನಿಮಿಷಕ್ಕೆ, ಇನ್ನೊಮ್ಮೆ ಅರ್ಧ ಗಂಟೆಗೆ ಕೂಗುತ್ತಿದ್ದುದೇಕೆ? ಫ್ರಿಜ್ಜಿನ ಒಳಗು ತಣ್ಣಗಾದ ಮೇಲೆ ಕಂಪ್ರೆಸರ್ ತಾನೇ ನಿಂತು, ಒಳಗು ಬಿಸಿಯಾದಾಗ ತಾನೇ ಏಳುತ್ತದೆ. ಮಿಕ್ಸಿಯಾಗಿದ್ದರೆ ತಂಬುಳಿಗೆ ತೆಂಗಿನಕಾಯಿ ರುಬ್ಬಲು ಗುಂಡಿ ಒತ್ತಿದವರಿಗೇ ಕೂಡಲೇ ಗೊತ್ತಾಗುತ್ತಿತ್ತು. ಫ್ರಿಜ್ ಯಾರಿಗೂ ಹೇಳದೆ ಶುರುವಾಗುತ್ತದೆ.

ಹಾಗಾದರೆ ದೊಡ್ಡ ಬ್ಯಾಟರಿ ಏಕೆ ಉಪಯೋಗಕ್ಕೆ ಬರಲಿಲ್ಲ? ಬ್ಯಾಟರಿ ನೀರಿನ ತೊಟ್ಟಿಯಿದ್ದಂತೆ, ಇನ್ವರ್ಟರ್ ಅದರ ನಲ್ಲಿ. ತೊಟ್ಟಿ ದೊಡ್ಡದಾದರೆ ನೀರು ಹೆಚ್ಚು ಹೊತ್ತು ಬರುತ್ತದೆಯೇ ಹೊರತು ನಲ್ಲಿ ಅಗಲವಾಗುವುದಿಲ್ಲ. ಎಷ್ಟು ಹೊತ್ತು ಎಂಬುದು ಎಎಚ್‌ನ ವಿಷಯ, ಒಮ್ಮೆಗೆ ಎಷ್ಟು ಎಂಬುದು ವಿಎಯ ವಿಷಯ. ನಾನು ಎರಡನೆಯ ರೋಗಕ್ಕೆ ಮೊದಲನೆಯ ಮದ್ದು ಕುಡಿಸಿದ್ದೆ.

ಮದ್ದಿನಿಂದ ಇನ್ನೊಂದು ಕಾಯಿಲೆಯೂ ಬಂತು. ನನ್ನ ಇನ್ವರ್ಟರ್ ಬ್ಯಾಟರಿಯನ್ನು ಚಾರ್ಜ್ ಮಾಡುವುದು 12 ಆ್ಯಂಪಿಯರ್‌ನಲ್ಲಿ. ಬ್ಯಾಟರಿಯ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಚಾರ್ಜಿಂಗ್ ಇರಬೇಕೆಂಬುದು ರೂಢಿಯ ಲೆಕ್ಕ. 150ಕ್ಕೇ ಅದು ಸ್ವಲ್ಪ ಕಡಿಮೆ, 200ಕ್ಕೆ 20 ಬೇಕು. ಪೂರ್ತಿ ಇಳಿದ 200 ಎಎಚ್ ಬ್ಯಾಟರಿ 12 ಆ್ಯಂಪಿಯರ್‌ನಲ್ಲಿ ತುಂಬಲು 17 ಗಂಟೆಗೂ ಹೆಚ್ಚು ಬೇಕು. ಜುಲೈನಲ್ಲಿ ನಮ್ಮ ಊರಿಗೆ ಅಷ್ಟು ಹೊತ್ತು ಒಂದೇ ಸಮನೆ ಕರೆಂಟ್ ಇದ್ದ ದಿನಗಳು ಕಡಿಮೆ. ಹೀಗೆ ಮಳೆಗಾಲವಿಡೀ ಅರ್ಧ ಹೊಟ್ಟೆಯಲ್ಲಿ ನಿಲ್ಲುವ ಲೆಡ್ ಆ್ಯಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಯುಷ್ಯ ಕರಗುತ್ತದೆ.

ಫ್ರಿಜ್ಜಿನ ಪ್ಲಗ್ಗನ್ನು ಇನ್ವರ್ಟರಿಲ್ಲದ ಲೈನಿಗೆ ಬದಲಾಯಿಸಿಕೊಡಲು ಬೇರೆ ಎಲೆಕ್ಟ್ರಿಷಿಯನ್ ಅರ್ಧ ಗಂಟೆ ತೆಗೆದುಕೊಂಡರು, 300 ರೂಪಾಯಿ ಪಡೆದರು. ಅಂದಿನಿಂದ ಬೀಪ್ ಇಲ್ಲ. ಎರಡು ಫ್ಯಾನುಗಳನ್ನು ಕಡಿಮೆ ಕರೆಂಟ್ ಎಳೆಯುವ, 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದ್ದರಿಂದ ಲೋಡ್ 490ರಿಂದ 400ಕ್ಕೆ ಇಳಿಯಿತು. ರಾತ್ರಿ ಟಿವಿ ಆರಿಸಿ 200 ವ್ಯಾಟ್‌ನೊಳಗೆ ಇದ್ದರೆ ಹಳೆಯ 150 ಎಎಚ್ ಬ್ಯಾಟರಿಯೇ ಐದು ಗಂಟೆ ಎಳೆಯುತ್ತಿತ್ತು. 490 ವ್ಯಾಟ್ ಹೇರಿದರೆ ಎರಡು ಗಂಟೆ ಸಿಕ್ಕರೆ ಪುಣ್ಯ. ಬ್ಯಾಟರಿಯ ಮೇಲೆ ಬರೆದ ಎಎಚ್ ಸಾಮಾನ್ಯವಾಗಿ 20 ಗಂಟೆಯಲ್ಲಿ ನಿಧಾನವಾಗಿ ಇಳಿಸಿದಾಗಿನದು. ಅವಸರದಲ್ಲಿ ಎಳೆದರೆ ಅದು ಅಷ್ಟು ಕೊಡುವುದಿಲ್ಲ.

ಅಂಗಡಿಗೆ ಫೋನ್ ಮಾಡುವ ಮೊದಲು ಮಾಡಬೇಕಾದ್ದು ಇಷ್ಟೇ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವ ದಿನ ಮೇನ್ ಆಫ್ ಮಾಡಿ, ಒಂದು ಫ್ಯಾನು, ಎರಡು ಬಲ್ಬು ಮಾತ್ರ ಉರಿಸಿ, ಉಳಿದ ಪ್ಲಗ್ಗುಗಳನ್ನೆಲ್ಲ ಕಿತ್ತಿಡಿ. ಒಂದು ಗಂಟೆ ಸದ್ದಿಲ್ಲದೆ ನಡೆದರೆ ಮೊದಲು ಲೋಡನ್ನು ಅನುಮಾನಿಸಿ. ಒಂದೊಂದೇ ಉಪಕರಣ ಸೇರಿಸುತ್ತ ಹೋದರೆ ಕಳ್ಳ ತಾನೇ ಸಿಗುತ್ತಾನೆ. ಇನ್ವರ್ಟರಿನ ಮುಖದಲ್ಲಿ ಓವರ್‌ಲೋಡ್ ದೀಪವೋ ಲೋ ಬ್ಯಾಟರಿ ದೀಪವೋ ಎಂದೂ ನೋಡಿ. ನಾನು ಮೂರು ವಾರ ಆ ಕೆಂಪು ದೀಪವನ್ನು ನೋಡಿದ್ದೆ, ಅದರ ಕೆಳಗೆ ಬರೆದದ್ದನ್ನು ಓದಿರಲಿಲ್ಲ.

ಆಗಸ್ಟ್‌ನಲ್ಲಿ ಆಚೆ ಮನೆಯವರೂ ಇದೇ ದೂರು ಹೇಳಿದರು. ಅನುಭವಸ್ಥನ ಗತ್ತಿನಲ್ಲಿ ಮಲ್ಟಿಮೀಟರ್ ಹಿಡಿದು ಹೋದೆ. ಲೋಡ್ ಇಲ್ಲದಾಗ 12.6 ವೋಲ್ಟ್ ಇದ್ದ ಬ್ಯಾಟರಿ ಎರಡೇ ಫ್ಯಾನು ಹಾಕಿದೊಡನೆ 10.4ಕ್ಕೆ ಕುಸಿಯಿತು. ಅವರ ಮನೆಯಲ್ಲಿ ನಿಜಕ್ಕೂ ಬ್ಯಾಟರಿಯೇ ಸತ್ತಿತ್ತು. ಅದೇ ಅಂಗಡಿಯಿಂದಲೇ ತರಿಸಿದರು, 150 ಎಎಚ್‌ನದೇ.